ಬೆಲೆ ವಾಪಸ್ ಬಂತು, ನನ್ನ ಹಣ ಯಾಕೆ ಬರಲಿಲ್ಲ?

ಪ್ರಶ್ನೆ: ನಾನೂ ನನ್ನ ಸ್ನೇಹಿತನೂ ಒಂದೇ ಕಾಯಿನ್‌ಗೆ ತಲಾ 10,000 ರೂಪಾಯಿ ಹಾಕಿದೆವು. ಅವನು ಸ್ಪಾಟ್‌ನಲ್ಲಿ ಕೊಂಡ, ನಾನು ಪರ್ಪೆಚುಯಲ್ ಫ್ಯೂಚರ್ಸ್‌ನಲ್ಲಿ 10x ಲೆವರೇಜ್ ಇಟ್ಟೆ. ಬೆಲೆ ಶೇ 10ರಷ್ಟು ಬಿದ್ದು ಮರುದಿನವೇ ಮೇಲೆ ಬಂತು. ಅವನ ದುಡ್ಡು ಹಾಗೇ ಇದೆ, ನನ್ನದು ಸೊನ್ನೆ. ಅದಕ್ಕೂ ಮೊದಲು ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಕಟ್ ಆಗುತ್ತಿತ್ತು. ಯಾಕೆ?
— ಓದುಗರು, ತಿಪಟೂರು

ಉತ್ತರ: ನಿಮ್ಮೂರಿನ ಕೊಬ್ಬರಿ ಲೆಕ್ಕದಲ್ಲೇ ಹೇಳಬಹುದು. ನಿಮ್ಮ ಸ್ನೇಹಿತರು ಪೂರ್ತಿ ದುಡ್ಡು ಕೊಟ್ಟು ಒಂದು ಮೂಟೆ ತಂದು ಅಟ್ಟಕ್ಕೆ ಹಾಕಿದರು. ರೇಟು ಬಿದ್ದರೂ ಮೂಟೆ ಅಟ್ಟದಲ್ಲೇ ಇರುತ್ತದೆ, ಏಳುವ ತನಕ ಕಾಯಬಹುದು. ಸ್ಪಾಟ್ ಅಂದರೆ ಇಷ್ಟೇ. ನೀವು ಮೂಟೆ ತರಲಿಲ್ಲ. ಹತ್ತು ಮೂಟೆಯ ರೇಟಿನ ಮೇಲೆ ಕರಾರು ಮಾಡಿಕೊಂಡು, ಒಂದು ಮೂಟೆಯ ದುಡ್ಡನ್ನು ಮುಂಗಡ ಇಟ್ಟಿರಿ. ಆ ಮುಂಗಡಕ್ಕೆ ಮಾರ್ಜಿನ್, ಅದರ ಹತ್ತು ಪಟ್ಟಿನ ಕರಾರಿಗೆ 10x ಲೆವರೇಜ್ ಎನ್ನುತ್ತಾರೆ. ಲಾಭ, ನಷ್ಟ, ಶುಲ್ಕ ಎಲ್ಲವೂ ಹತ್ತು ಮೂಟೆಯ ಮೇಲೆ ಬೀಳುತ್ತವೆ. ತುಂಬಿಕೊಡುವುದು ಮಾತ್ರ ಒಂದು ಮೂಟೆಯ ದುಡ್ಡಿನಿಂದ.

ಮೊದಲು ಆ ಸಣ್ಣ ಕಡಿತ. ಮಾಮೂಲಿ ಫ್ಯೂಚರ್ಸ್‌ಗೆ ಮುಗಿಯುವ ತಾರೀಖು ಇರುತ್ತದೆ. ಆ ದಿನ ಅದರ ಬೆಲೆ ನಿಜವಾದ ಮಾರುಕಟ್ಟೆಯ ಬೆಲೆಗೆ ಬಂದು ಸೇರಲೇಬೇಕು. 2016ರಲ್ಲಿ ಬಿಟ್‌ಮೆಕ್ಸ್ ಎಕ್ಸ್‌ಚೇಂಜ್ ಶುರುಮಾಡಿದ ಪರ್ಪೆಚುಯಲ್‌ಗೆ ಅಂಥ ತಾರೀಖೇ ಇಲ್ಲ. ಹಾಗಾದರೆ ಅದರ ಬೆಲೆ ಸ್ಪಾಟ್ ಬೆಲೆಯನ್ನು ಬಿಟ್ಟು ಓಡದಂತೆ ಹಿಡಿಯುವುದು ಯಾವುದು? ಫಂಡಿಂಗ್ ರೇಟ್. ಏರುತ್ತದೆ ಎಂದು ಲಾಂಗ್ ಹಾಕಿದವರ ಒತ್ತಡದಿಂದ ಕರಾರಿನ ಬೆಲೆ ಸ್ಪಾಟ್‌ಗಿಂತ ಮೇಲೆ ಹೋದರೆ ರೇಟ್ ಪಾಸಿಟಿವ್ ಆಗುತ್ತದೆ. ಆಗ ಲಾಂಗ್‌ನವರು, ಇಳಿಯುತ್ತದೆ ಎಂದು ಶಾರ್ಟ್ ಹಾಕಿದವರಿಗೆ ಹಣ ಕೊಡಬೇಕು. ಕೆಳಗೆ ಹೋದರೆ ಉಲ್ಟಾ. ದುಬಾರಿಯಾದ ಕಡೆಯಿಂದ ಜನ ಹೊರಬರುತ್ತಾರೆ, ಬೆಲೆ ಸ್ಪಾಟ್‌ನ ಹತ್ತಿರಕ್ಕೆ ಮರಳುತ್ತದೆ.

ಅನೇಕ ಎಕ್ಸ್‌ಚೇಂಜ್‌ಗಳಲ್ಲಿ ಇದು 8 ಗಂಟೆಗೊಮ್ಮೆ ನಡೆಯುತ್ತದೆ: ನಮ್ಮ ಸಮಯಕ್ಕೆ ಬೆಳಗ್ಗೆ 5:30, ಮಧ್ಯಾಹ್ನ 1:30, ರಾತ್ರಿ 9:30. ಆ ಕ್ಷಣಕ್ಕೆ ನಿಮ್ಮ ಕರಾರು, ಅಂದರೆ ಪೊಸಿಷನ್, ತೆರೆದಿದ್ದರಷ್ಟೇ ಲೆಕ್ಕ. ರೇಟ್ 0.01% ಇದ್ದರೆ ನಿಮ್ಮ 1 ಲಕ್ಷದ ಪೊಸಿಷನ್‌ಗೆ ಪ್ರತಿ ಸಲ 10 ರೂಪಾಯಿ, ದಿನಕ್ಕೆ 30. ಕೇಳಲು ಚಿಲ್ಲರೆ. ಆದರೆ ತಿಂಗಳಿಗೆ 900 ರೂಪಾಯಿ, ಅಂದರೆ ನೀವು ಇಟ್ಟ ಮುಂಗಡದ ಶೇ 9. ಮಾರುಕಟ್ಟೆ ಜೋರಾಗಿ ಏರುವಾಗ ಈ ರೇಟೂ ಏರುತ್ತದೆ.

ಈಗ ಲಿಕ್ವಿಡೇಶನ್, ಅಂದರೆ ಎಕ್ಸ್‌ಚೇಂಜ್ ನಿಮ್ಮ ಕರಾರನ್ನು ಬಲವಂತವಾಗಿ ಮುಚ್ಚುವುದು. ನಿಮ್ಮ ಕಾಯಿನ್ ಬೆಲೆ 1,000 ರೂಪಾಯಿ ಎಂದುಕೊಳ್ಳಿ. ಕರಾರು 100 ಕಾಯಿನ್‌ಗೆ. ಬೆಲೆ ಒಂದು ರೂಪಾಯಿ ಇಳಿದರೆ ನಷ್ಟ 100 ರೂಪಾಯಿ. ಬೆಲೆ 900ಕ್ಕೆ ಬಂದಾಗ 10,000 ಪೂರ್ತಿ ಖಾಲಿ. ಆದರೆ ಎಕ್ಸ್‌ಚೇಂಜ್ ಅಲ್ಲಿಯವರೆಗೆ ಕಾಯುವುದಿಲ್ಲ. ಮುಂಗಡದಲ್ಲಿ ಇಷ್ಟಾದರೂ ಉಳಿದಿರಬೇಕು ಎಂಬ ಮೇಂಟೆನೆನ್ಸ್ ಮಾರ್ಜಿನ್ ಇದೆ. ಅದು ಪೊಸಿಷನ್‌ನ ಮೌಲ್ಯದ 0.5% ಆಗಿದ್ದರೆ ಸುಮಾರು 904.5ಕ್ಕೇ ಎಕ್ಸ್‌ಚೇಂಜ್ ನಿಮ್ಮ ಪೊಸಿಷನ್ ಅನ್ನು ತಾನೇ ಮುಚ್ಚುತ್ತದೆ. ಉಳಿದ ನಾನೂರ ಚಿಲ್ಲರೆಯೂ ಸಾಮಾನ್ಯವಾಗಿ ಲಿಕ್ವಿಡೇಶನ್ ಶುಲ್ಕ ಮತ್ತು ಇನ್ಶೂರೆನ್ಸ್ ಫಂಡ್‌ಗೆ ಹೋಗುತ್ತದೆ. ಕರಾರೇ ಮುಗಿದ ಮೇಲೆ ಬೆಲೆ ಮರುದಿನ 1,100 ಆದರೂ ನಿಮಗೆ ಸಂಬಂಧವಿಲ್ಲ.

ಫಂಡಿಂಗ್ ಇಲ್ಲಿ ಇನ್ನೊಂದು ಕೆಲಸ ಮಾಡುತ್ತದೆ, ಇದನ್ನು ಗಮನಿಸುವವರು ಕಡಿಮೆ. ವಾಲೆಟ್‌ನಲ್ಲಿ ಬೇರೆ ಹಣ ಇಲ್ಲದಿದ್ದರೆ ಅದು ಮುಂಗಡದಿಂದಲೇ ಕಟ್ ಆಗುತ್ತದೆ. ಇಪ್ಪತ್ತು ದಿನದಲ್ಲಿ 600 ರೂಪಾಯಿ ಹೋದರೆ ಮಾರ್ಜಿನ್ 9,400. ಲಿಕ್ವಿಡೇಶನ್ ಬೆಲೆ 904.5ರಿಂದ ಸುಮಾರು 910.5ಕ್ಕೆ ಮೇಲೆ ಬರುತ್ತದೆ. ಬೆಲೆ ಅಲ್ಲಾಡದೆ ಇದ್ದರೂ ಗುಂಡಿ ನಿಮ್ಮ ಕಾಲ ಹತ್ತಿರಕ್ಕೆ ಸರಿದಿರುತ್ತದೆ.

ಪೊಸಿಷನ್ ತೆರೆದ ಕೂಡಲೇ ಪರದೆಯಲ್ಲಿ `Liq. Price` ಎಷ್ಟಿದೆ ನೋಡಿ, ಪಕ್ಕದ `Mark Price` ಜೊತೆ ಹೋಲಿಸಿ. ಲಿಕ್ವಿಡೇಶನ್ ಸಾಮಾನ್ಯವಾಗಿ ನಡೆಯುವುದು ಈ ಮಾರ್ಕ್ ಬೆಲೆಯ ಮೇಲೆ, ಚಾರ್ಟ್‌ನಲ್ಲಿ ಕಾಣುವ ಕೊನೆಯ ವ್ಯವಹಾರದ ಬೆಲೆಯ ಮೇಲೆ ಅಲ್ಲ. ಹಲವು ಎಕ್ಸ್‌ಚೇಂಜ್‌ಗಳ ಸ್ಪಾಟ್ ಬೆಲೆ ಸೇರಿಸಿ ಮಾರ್ಕ್ ಬೆಲೆಯನ್ನು ಕಟ್ಟುತ್ತಾರೆ. ಮಾರ್ಜಿನ್ `Isolated` ಆಗಿದೆಯೇ ಎಂದೂ ನೋಡಿ. `Cross` ಇದ್ದರೆ ಈ ಒಂದು ಕರಾರಿನ ನಷ್ಟ ತುಂಬಲು ಫ್ಯೂಚರ್ಸ್ ವಾಲೆಟ್‌ನ ಉಳಿದ ಹಣವೂ ಹೋಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ, ಕಾಯಿನ್ ಕೊಂಡು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಇರಾದೆ ಇದ್ದವರಿಗೆ ಪರ್ಪೆಚುಯಲ್ ಬೇಡ, ಸ್ಪಾಟ್ ಸಾಕು. ಪರ್ಪೆಚುಯಲ್ಲೇ ಬೇಕಿದ್ದರೆ ಅದೇ 10,000ಕ್ಕೆ 1 ಲಕ್ಷದ ಬದಲು 20,000 ರೂಪಾಯಿಯ ಪೊಸಿಷನ್ ತೆರೆಯಿರಿ. ಆಗ ಲಿಕ್ವಿಡೇಶನ್ ಬೆಲೆ ಸುಮಾರು 502. ಬೆಲೆ 950ಕ್ಕೆ ಬಂದಾಗ ಹೊರಬರುವಂತೆ ಸ್ಟಾಪ್ ಲಾಸ್ ಹಾಕಿದ್ದರೆ ಹೋಗುವುದು ಶುಲ್ಕ ಬಿಟ್ಟು ಸುಮಾರು 1,000 ರೂಪಾಯಿ. ಬೆಲೆ ದಿಢೀರನೆ ಕುಸಿದಾಗ ಆರ್ಡರ್ 950ರ ಕೆಳಗೆ ನೆರವೇರಿ ಅದಕ್ಕಿಂತ ಸ್ವಲ್ಪ ಹೆಚ್ಚೂ ಹೋಗಬಹುದು; ಆದರೂ ಮುಂಗಡದ ಬಹುಪಾಲು ನಿಮ್ಮ ಕೈಯಲ್ಲೇ ಉಳಿಯುತ್ತದೆ.