ಎತ್ತರದಲ್ಲಿ ಶೇ 80 ಜೀನ್‌ಗಳದ್ದು: ಈ ಮಾತು ಎಲ್ಲಿ ದಾರಿ ತಪ್ಪಿಸುತ್ತದೆ?

ದಕ್ಷಿಣ ಕೊರಿಯಾದಲ್ಲಿ 1996ರಲ್ಲಿ ಹುಟ್ಟಿದ ಹೆಣ್ಣುಮಕ್ಕಳು, 1896ರಲ್ಲಿ ಹುಟ್ಟಿದವರಿಗಿಂತ ಸರಾಸರಿ 20 ಸೆಂ.ಮೀ. ಎತ್ತರ ಬೆಳೆದರು. ನೂರು ವರ್ಷ ಎಂದರೆ ನಾಲ್ಕೈದು ತಲೆಮಾರು. ಅಷ್ಟರಲ್ಲಿ ಒಂದಿಡೀ ಜನಸಮುದಾಯದ ಜೀನ್‌ಗಳು ಬದಲಾಗಲು ಸಾಧ್ಯವೇ ಇಲ್ಲ. ಆದರೂ "ಆ ಜನ ಕುಳ್ಳಗಿರುವುದು ರಕ್ತದಲ್ಲೇ ಬಂದದ್ದು" ಎಂಬ ಮಾತು ನಿಂತಿಲ್ಲ. ಅದಕ್ಕೆ ಆಧಾರವಾಗಿ ಒಂದು ನಿಜವಾದ ಅಂಕಿಯನ್ನೇ ಮುಂದಿಡುತ್ತಾರೆ: ಎತ್ತರದ ಶೇ 80ರಷ್ಟು ಆನುವಂಶಿಕ.

ಅವಳಿ ಮಕ್ಕಳ ಅಧ್ಯಯನಗಳಿಂದ ಬಂದ ಅಂಕಿ ಇದು. ಅಂಕಿಯಲ್ಲಿ ತಪ್ಪಿಲ್ಲ, ಅದನ್ನು ಬಳಸುವ ಜಾಗ ತಪ್ಪು. ಚೆನ್ನಾಗಿ ಉಂಡು ಬೆಳೆದ ಒಂದು ಸಮುದಾಯದ ಒಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಬಗ್ಗೆ ಮಾತ್ರ ಅದು ಹೇಳುತ್ತದೆ. ಎರಡು ಓಟದ ಪಂದ್ಯಗಳನ್ನು ನೆನೆದುಕೊಳ್ಳಿ. ಒಂದು ಗಟ್ಟಿ ನೆಲದ ಮೇಲೆ, ಇನ್ನೊಂದು ಮರಳಿನ ಮೇಲೆ. ಆಯಾ ಪಂದ್ಯದೊಳಗೆ ಯಾರು ಮುಂದೆ, ಯಾರು ಹಿಂದೆ ಎನ್ನುವುದು ಬಹುಪಾಲು ಓಟಗಾರರ ಕಾಲಿನ ಶಕ್ತಿಯಿಂದಲೇ ತೀರ್ಮಾನವಾಗುತ್ತದೆ. ಆದರೆ ಮರಳಿನ ಮೇಲೆ ಓಡಿದವರೆಲ್ಲ ಒಟ್ಟಾಗಿ ನಿಧಾನವಾಗಿದ್ದರೆ ಅದು ನೆಲದ ಕೆಲಸ, ಕಾಲಿನದ್ದಲ್ಲ. ಒಳಗಿನ ಅಂಕಿಯನ್ನು ಎರಡು ಗುಂಪುಗಳ ನಡುವಿನ ಅಂತರಕ್ಕೆ ಅಂಟಿಸುವ ಹಾಗಿಲ್ಲ.

ಹಾಗಾದರೆ ಗುಂಪುಗಳ ನಡುವೆ ನೆಲದ ಪಾಲೆಷ್ಟು, ಕಾಲಿನ ಪಾಲೆಷ್ಟು? ನನಗೆ ತಿಳಿದ ಮಟ್ಟಿಗೆ ಈ ಪ್ರಶ್ನೆಗೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಷ್ಟು ಚೆನ್ನಾಗಿ ಉತ್ತರ ಕೊಡುವ ಜಾಗ ಇನ್ನೊಂದಿಲ್ಲ. ಅಲ್ಲಿನ ಹೆಂಗಸರ ಸರಾಸರಿ ಎತ್ತರ ಸುಮಾರು 149 ಸೆಂ.ಮೀ., ಜಗತ್ತಿನಲ್ಲೇ ಅತಿ ಕಡಿಮೆ. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಮೈಕಟ್ಟೇ ಹಾಗೆ ಎಂದು ಬಹಳ ಮಂದಿ ನಂಬಿದ್ದರು. ಅಂತರ್ಯುದ್ಧದ ಕಾಲದಲ್ಲಿ ಸಾವಿರಾರು ಮಾಯಾ ಕುಟುಂಬಗಳು ಅಮೆರಿಕಕ್ಕೆ ಹೋದವು. ಮಾನವಶಾಸ್ತ್ರಜ್ಞ ಬ್ಯಾರಿ ಬೋಗಿನ್ ಮತ್ತು ಸಂಗಡಿಗರು ಫ್ಲಾರಿಡಾ ಮತ್ತು ಲಾಸ್ ಏಂಜಲೀಸ್‌ನಲ್ಲಿ ಆ ಕುಟುಂಬಗಳ ಮಕ್ಕಳನ್ನು ಅಳೆದರು. 2000ದ ಹೊತ್ತಿಗೆ ಆರರಿಂದ ಹನ್ನೆರಡು ವರ್ಷದ ಆ ಮಕ್ಕಳು, ಗ್ವಾಟೆಮಾಲಾದಲ್ಲೇ ಉಳಿದ ಅದೇ ವಯಸ್ಸಿನ ಮಾಯಾ ಮಕ್ಕಳಿಗಿಂತ ಸುಮಾರು 11 ಸೆಂ.ಮೀ. ಎತ್ತರವಿದ್ದರು. ಪೂರ್ವಜರು ಅದೇ ಜನ, ಮಧ್ಯೆ ಒಂದೇ ತಲೆಮಾರು.

ವಲಸೆ ಹೋದವರು ಮೊದಲೇ ಸ್ವಲ್ಪ ಗಟ್ಟಿಗರಾಗಿದ್ದಿರಬಹುದಲ್ವಾ? ಇದು ನ್ಯಾಯವಾದ ಅನುಮಾನ. ಅದಕ್ಕೇ ಇದರ ಜೊತೆ ಒಂದು ಪ್ರಯೋಗವನ್ನೂ ನೋಡಬೇಕು. 1969ರಿಂದ 1977ರವರೆಗೆ ಅದೇ ದೇಶದ ನಾಲ್ಕು ಹಳ್ಳಿಗಳಲ್ಲಿ ಅದು ನಡೆಯಿತು. ಇವು ಮಾಯಾ ಹಳ್ಳಿಗಳಲ್ಲ, ಸ್ಪ್ಯಾನಿಷ್ ಮಾತಾಡುವ ಬಡ ಹಳ್ಳಿಗಳು. ಎರಡು ಹಳ್ಳಿಗಳಿಗೆ 'ಅತೋಲೆ' ಎಂಬ ಗಂಜಿ ಕೊಟ್ಟರು. ಒಂದು ಲೋಟದಲ್ಲಿ 11 ಗ್ರಾಂ ಮೀರಿ ಪ್ರೋಟೀನ್ ಇತ್ತು. ಇನ್ನೆರಡು ಹಳ್ಳಿಗಳಿಗೆ 'ಫ್ರೆಸ್ಕೊ' ಎಂಬ ಸಿಹಿ ಪಾನೀಯ. ಅದರಲ್ಲಿ ಪ್ರೋಟೀನ್ ಇರಲಿಲ್ಲ, ಕ್ಯಾಲೊರಿಯೂ ಕಡಿಮೆ. ಮೂರು ವರ್ಷ ತುಂಬುವಾಗ ಗಂಜಿ ಕುಡಿದ ಹಳ್ಳಿಯ ಮಕ್ಕಳು ಸುಮಾರು ಎರಡೂವರೆ ಸೆಂ.ಮೀ. ಮುಂದಿದ್ದರು. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವ ಸಂಗತಿ ಮುಂದಿನದು. ಮೂರು ವರ್ಷ ದಾಟಿದ ಮೇಲೆ ಕೊಟ್ಟ ಅದೇ ಗಂಜಿ ಎತ್ತರವನ್ನು ಹೆಚ್ಚುಕಮ್ಮಿ ಬದಲಿಸಲೇ ಇಲ್ಲ.

ಯಾಕೆ ಹೀಗೆ? ಎಲುಬಿನ ತುದಿಯ ಹತ್ತಿರ ಮೆತ್ತನೆಯ ಮೃದ್ವಸ್ಥಿಯ ಒಂದು ತೆಳು ಪದರವಿದೆ. ಅದೇ ಬೆಳವಣಿಗೆಯ ಪದರ. ಅಲ್ಲಿ ಜೀವಕೋಶಗಳು ಇಬ್ಭಾಗವಾಗಿ, ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ಕೂರುತ್ತವೆ. ಆಮೇಲೆ ಒಂದೊಂದೂ ನೆನೆಹಾಕಿದ ಕಾಳಿನ ಹಾಗೆ ಉಬ್ಬುತ್ತದೆ. ಎಲುಬು ಉದ್ದವಾಗುವುದು ಬಹುಪಾಲು ಈ ಉಬ್ಬುವಿಕೆಯಿಂದಲೇ. ಉಬ್ಬಿದ ಕೋಶಗಳ ಜಾಗಕ್ಕೆ ಆಮೇಲೆ ಗಟ್ಟಿ ಎಲುಬು ಬಂದು ಕೂರುತ್ತದೆ. ಇದನ್ನೊಂದು ಗೋಡೆ ಕಟ್ಟುವ ಕೆಲಸ ಎಂದುಕೊಂಡರೆ, 'ಐಜಿಎಫ್-1' ಎಂಬ ಹಾರ್ಮೋನ್ ಮೇಸ್ತ್ರಿ. ಪ್ರೋಟೀನ್ ಅಥವಾ ಶಕ್ತಿ ಸಾಲದಾದಾಗ ದೇಹ ಮೊದಲು ಈ ಮೇಸ್ತ್ರಿಯ ಬಾಯಿ ಕಟ್ಟುತ್ತದೆ. ಹೃದಯ, ಮಿದುಳು ನಿಲ್ಲುವಂತಿಲ್ಲ, ಗೋಡೆ ಕಾಯಬಹುದು. ಮನೆಯಲ್ಲಿ ದುಡ್ಡು ಸಾಲದಾದಾಗ ಮಹಡಿ ಕಟ್ಟುವುದನ್ನು ಮುಂದೂಡಿದ ಹಾಗೆ.

ರೋಗವೂ ಇದೇ ಬಾಗಿಲಿನಿಂದ ಒಳಗೆ ಬರುತ್ತದೆ. ಮಗುವಿಗೆ ಭೇದಿಯಾದರೆ ಉಂಡದ್ದು ಮೈಗೆ ಹತ್ತುವುದಿಲ್ಲ, ಹಸಿವೂ ಸಾಯುತ್ತದೆ. ಸೋಂಕಿನ ವಿರುದ್ಧ ಹೋರಾಡಲು ದೇಹ ಹೊರಡಿಸುವ ಉರಿಯೂತದ ಸಂಕೇತಗಳು ಬೆಳವಣಿಗೆಯ ಪದರದ ಕೋಶಗಳನ್ನೂ ತಡೆಯುತ್ತವೆ. ಒಮ್ಮೆ ಕಾಯಿಲೆ ಬಿದ್ದು ಎದ್ದ ಮಗು ನಂತರ ಜಾಸ್ತಿ ವೇಗದಲ್ಲಿ ಬೆಳೆದು ಬಾಕಿ ತೀರಿಸುತ್ತದೆ. ಮತ್ತೆ ಮತ್ತೆ ಕಾಯಿಲೆ ಬಿದ್ದರೆ ಬಾಕಿ ತೀರಿಸಲು ಬಿಡುವೇ ಸಿಗುವುದಿಲ್ಲ. ಹುಟ್ಟಿದ ಮೊದಲ ವರ್ಷ ಮಗು ಸುಮಾರು 25 ಸೆಂ.ಮೀ. ಬೆಳೆಯುತ್ತದೆ, ಎರಡನೇ ವರ್ಷ ಅದರ ಅರ್ಧ. ಆಗ ಕಳೆದುಕೊಂಡ ಒಂದು ತಿಂಗಳು, ಎಂಟನೇ ವಯಸ್ಸಿನಲ್ಲಿ ಕಳೆದುಕೊಂಡ ಒಂದು ತಿಂಗಳಿಗಿಂತ ಎಷ್ಟೋ ಪಾಲು ದುಬಾರಿ. ಗಂಜಿ ಮೂರರ ಒಳಗೆ ಫಲ ಕೊಟ್ಟು ಆಮೇಲೆ ಕೊಡದಿದ್ದುದಕ್ಕೆ ಇದು ಮುಖ್ಯ ಕಾರಣ.

ಇಷ್ಟು ಹೇಳಿ, ಜೀನ್‌ಗಳಿಗೆ ಪಾಲೇ ಇಲ್ಲ ಎಂದರೆ ಅದೂ ತಪ್ಪು. ಕ್ಯಾಮರೂನ್ ಕಾಡಿನ ಬಾಕಾ ಜನ ಬಹಳ ಗಿಡ್ಡಗಿರುತ್ತಾರೆ. ಅವರಲ್ಲೇ ಕೆಲವರಿಗೆ ನೆರೆಯ ಎತ್ತರದ ಕೃಷಿಕ ಜನರ ವಂಶವೂ ಸೇರಿದೆ. ಆ ವಂಶದ ಪಾಲು ಹೆಚ್ಚಿದ್ದವರು ಹೆಚ್ಚು ಎತ್ತರ ಇರುತ್ತಾರೆ. ಒಂದೇ ಸಮುದಾಯದೊಳಗೆ ಎತ್ತರವು ವಂಶದ ಪಾಲಿನ ಜೊತೆ ಹೀಗೆ ಏರುವುದು ಜೀನ್‌ಗಳ ಕಡೆಗೇ ಬೊಟ್ಟು ಮಾಡುತ್ತದೆ. ಪೆರು ದೇಶದಲ್ಲಿ 2020ರಲ್ಲಿ ಒಂದು ನಿರ್ದಿಷ್ಟ ಜೀನ್ ರೂಪವೇ ಸಿಕ್ಕಿತು. ಎಫ್‌ಬಿಎನ್1 ಎಂಬ ಜೀನ್‌ನ ಆ ರೂಪದ ಒಂದು ಪ್ರತಿ ಇದ್ದರೆ ಎತ್ತರ ಸುಮಾರು 2.2 ಸೆಂ.ಮೀ. ಕಡಿಮೆಯಾಗುತ್ತದೆ. ಒಂದೇ ಒಂದು ಬದಲಾವಣೆಗೆ ಇದು ತುಂಬಾ ದೊಡ್ಡ ಪರಿಣಾಮ. ಉಳಿದವು ಸಾಮಾನ್ಯವಾಗಿ ಮಿಲಿಮೀಟರ್ ಲೆಕ್ಕದವು.

ಆ ಮಿಲಿಮೀಟರ್‌ಗಳನ್ನೆಲ್ಲ ಕೂಡಿಸಿ ಜನಾಂಗಗಳನ್ನು ಹೋಲಿಸಲು ಹೊರಟಾಗ ತಜ್ಞರೇ ಎಡವಿದ್ದಾರೆ. ಉತ್ತರ ಯುರೋಪಿನವರು ದಕ್ಷಿಣದವರಿಗಿಂತ ಎತ್ತರ ಇರುವುದಕ್ಕೆ ನಿಸರ್ಗದ ಆಯ್ಕೆ ಕಾರಣ ಎಂದು 2012ರಿಂದ ಹಲವು ಪ್ರಬಂಧಗಳು ಬಂದವು. ಎತ್ತರದ ಜೊತೆ ನಂಟಿರುವ ನೂರಾರು ಡಿಎನ್‌ಎ ವ್ಯತ್ಯಾಸಗಳನ್ನು, ಅಂದರೆ ಜೀನ್ ಗುರುತುಗಳನ್ನು, ಕೂಡಿಸಿ ಮಾಡಿದ ಲೆಕ್ಕ ಅದು. ಆ ಗುರುತುಗಳನ್ನು ಹುಡುಕಿದ್ದು ಬೇರೆ ಬೇರೆ ದೇಶಗಳ ಜನರನ್ನು ಒಟ್ಟಿಗೆ ಹಾಕಿ. ಹಾಗೆ ಮಾಡಿದರೆ ಏನಾಗುತ್ತದೆ? ಉತ್ತರದವರ ಮನೆತನದ ಹೆಸರು ಇದ್ದವರೂ ಸರಾಸರಿಯಲ್ಲಿ ಉಳಿದವರಿಗಿಂತ ಎತ್ತರವೇ ಇರುತ್ತಾರೆ, ಆದರೆ ಹೆಸರು ಎಲುಬನ್ನು ಉದ್ದ ಮಾಡುವುದಿಲ್ಲವಲ್ಲ. ಹಾಗೆಯೇ ಉತ್ತರದಲ್ಲಿ ಸುಮ್ನೆ ಜಾಸ್ತಿ ಇರುವ ಯಾವುದೇ ಗುರುತು 'ಎತ್ತರದ ಗುರುತು' ಎಂದು ಪಟ್ಟಿಗೆ ಸೇರಬಹುದು. ಗುರುತು ಒಂದೊಂದರಲ್ಲೂ ಈ ತಪ್ಪು ಕೂದಲೆಳೆಯಷ್ಟು. ನೂರಾರು ಕೂಡಿಸಿದಾಗ ಬೆಟ್ಟ. 2019ರಲ್ಲಿ ಎರಡು ತಂಡಗಳು ಬ್ರಿಟನ್ನಿನ ದೊಡ್ಡ ದತ್ತಾಂಶ ಸಂಗ್ರಹವೊಂದರಲ್ಲಿ, ಹೆಚ್ಚು ಏಕರೂಪದ ಜನರ ಮೇಲೆ ಲೆಕ್ಕವನ್ನು ಮತ್ತೆ ಮಾಡಿದವು. ಉತ್ತರ-ದಕ್ಷಿಣದ ಆ ಸ್ಪಷ್ಟ ಚಿತ್ರ ಬಹುಪಾಲು ಕರಗಿಹೋಯಿತು.

ಈ ತಪ್ಪನ್ನು ತಪ್ಪಿಸುವ ಗಟ್ಟಿ ದಾರಿ ಒಡಹುಟ್ಟಿದವರನ್ನು ಹೋಲಿಸುವುದು. ಅಣ್ಣ ತಮ್ಮಂದಿರ ಪೂರ್ವಜರು ಒಬ್ಬರೇ, ಊಟ ಹೆಚ್ಚುಕಮ್ಮಿ ಒಂದೇ. ಯಾರಿಗೆ ಜೀನ್‌ನ ಯಾವ ಪ್ರತಿ ಬಂತು ಎನ್ನುವುದು ಮಾತ್ರ ಲಾಟರಿ. 2022ರಲ್ಲಿ 54 ಲಕ್ಷ ಜನರ ಮಾಹಿತಿಯಿಂದ ಎತ್ತರದ ಜೊತೆ ನಂಟಿರುವ 12,111 ಗುರುತುಗಳ ಪಟ್ಟಿ ಬಂದಿದೆ. ಯುರೋಪ್ ಮೂಲದವರೊಳಗಿನ ಎತ್ತರದ ವ್ಯತ್ಯಾಸದಲ್ಲಿ ಅದು ಸುಮಾರು ಶೇ 40ನ್ನು ವಿವರಿಸುತ್ತದೆ. ಬೇರೆ ಮೂಲದ ಜನರಲ್ಲಿ ಶೇ 10ರಿಂದ 20 ಮಾತ್ರ. ಅದೇ ಪಟ್ಟಿಯಿಂದ ಒಂದು ದೇಶದ ಸರಾಸರಿಯನ್ನು ಇನ್ನೊಂದರ ಜೊತೆ ತೂಗಿದರೆ ತಕ್ಕಡಿಯೇ ಒಂದು ಕಡೆ ವಾಲಿರುತ್ತದೆ.