ದೀಪಾವಳಿಗೆ ಊರಿಗೆ ಹೋಗುವವರು ಓದಿನ ಯೋಜನೆಯನ್ನು ಹೇಗೆ ಬದಲಿಸಿಕೊಳ್ಳಬೇಕು?

ಪ್ರಶ್ನೆ: ನಾನು ಧಾರವಾಡದಲ್ಲಿ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮೂರು ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ದೀಪಾವಳಿಗೆ ಹೋಗಿ, ಅಕ್ಕನ ಕುಬಸ ಮುಗಿಸಿಕೊಂಡು ಮರಳುವಷ್ಟರಲ್ಲಿ ಹತ್ತು ದಿನ ಆಗುತ್ತವೆ. ಪಂಚಮಿಗೆ ಹೋದಾಗ ಚೀಲದ ತುಂಬ ಪುಸ್ತಕ ಒಯ್ದು, ಒಂದನ್ನೂ ತೆರೆಯದೆ ವಾಪಸು ತಂದೆ. ಬಂದ ಮೇಲೂ ಒಂದು ವಾರ ಓದು ಹತ್ತಲಿಲ್ಲ. ಈ ಸಲ ಏನು ಮಾಡಬೇಕು?

ಉತ್ತರ: ಈ ಹತ್ತು ದಿನಗಳಲ್ಲಿ ಹೊಸ ಪಾಠವನ್ನು ಒಂದನ್ನೂ ಹಿಡಿಯಬೇಡಿ. ಊರಿಗೆ ಹೊರಡುವ ಮುಂಚಿನ ಹದಿನೈದು ದಿನಗಳಲ್ಲಿ ಓದಿದ್ದನ್ನು ಮಾತ್ರ, ದಿನಕ್ಕೆ ಅರ್ಧ ತಾಸಿಗೆ ಮೀರದಂತೆ, ಪುಸ್ತಕ ನೋಡದೆ ನೆನಪಿಸಿಕೊಳ್ಳುವ ಕೆಲಸವನ್ನು ಇಟ್ಟುಕೊಳ್ಳಿ. ಪಂಚಮಿಯಲ್ಲಿ ಪುಸ್ತಕ ತೆರೆಯಲಾಗಲಿಲ್ಲವೆಂಬುದಕ್ಕೆ ನಿಮ್ಮ ಸೋಮಾರಿತನವನ್ನು ನಾನು ಕಾರಣವೆಂದು ಭಾವಿಸುವುದಿಲ್ಲ. ಹೊಸ ಅಧ್ಯಾಯಕ್ಕೆ ಒಂದೂವರೆ ತಾಸಾದರೂ ಬಿಡುವಿಲ್ಲದ ಏಕಾಂತ ಬೇಕು, ಹಬ್ಬದ ಮನೆಯಲ್ಲಿ ಅದು ಯಾರಿಗೂ ದೊರೆಯುವುದಿಲ್ಲ. ದೊರೆಯದ ಸಮಯಕ್ಕಾಗಿ ಕಾಯುತ್ತ ಕುಳಿತರೆ ಕೈಯಲ್ಲಿರುವ ಹದಿನೈದು ನಿಮಿಷಗಳೂ ಹೋಗುತ್ತವೆ.

ನೆನಪಿಸಿಕೊಳ್ಳುವುದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಕಾಲಕ್ಕೆ ಎಷ್ಟು ಮರೆಯುತ್ತದೆ ಎಂಬುದನ್ನು ಅಳೆದು, 1885ರಲ್ಲಿ ಪ್ರಕಟಿಸಿದರು. ಅವರ ಅಳತೆಯಂತೆ ಒಂದು ದಿನ ಕಳೆಯುವಷ್ಟರಲ್ಲಿ ಉಳಿದದ್ದು ಸುಮಾರು ಮೂರನೆಯ ಒಂದು ಭಾಗ, ಆರು ದಿನಕ್ಕೆ ನಾಲ್ಕನೆಯ ಒಂದು ಭಾಗ, ಒಂದು ತಿಂಗಳಿಗೆ ಐದನೆಯ ಒಂದು ಭಾಗ. ನಾವು ಓದುವ ವಿಷಯಗಳಿಗೆ ಅರ್ಥವಿರುವುದರಿಂದ ಅವು ಇಷ್ಟು ಬೇಗ ಅಳಿಯುವುದಿಲ್ಲ. ಆದರೆ ಇಳಿತದ ರೀತಿ ಅದೇ: ಮೊದಲ ದಿನಗಳಲ್ಲಿ ಬಹಳ ಹೋಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಹೀಗಾಗಿ ಆರು ತಿಂಗಳಿಂದ ಮತ್ತೆ ಮತ್ತೆ ಓದಿದ ಕನ್ನಡ ವ್ಯಾಕರಣಕ್ಕೆ ಹತ್ತು ದಿನಗಳ ಬಿಡುವಿನಿಂದ ಹೆಚ್ಚಿನ ಹಾನಿಯಿಲ್ಲ, ಹೊರಡುವ ಹಿಂದಿನ ದಿನ ರಾತ್ರಿ ಹನ್ನೊಂದರವರೆಗೆ ಕುಳಿತು ಮುಗಿಸಿದ ಅಧ್ಯಾಯವೇ ಮೊದಲು ಕೈಬಿಡುತ್ತದೆ. ‘ಊರಿಗೆ ಹೋಗುವ ಮುಂಚೆ ಇದೊಂದು ಮುಗಿಸಿಬಿಡೋಣ’ ಎಂದು ಅವಸರಪಡುವವರು ಹಾಕಿದ ಶ್ರಮವೆಲ್ಲ ಹಬ್ಬದಲ್ಲಿ ಸೋರಿಹೋಗುವುದು ಇದರಿಂದಲೇ.

ಅರ್ಧ ನೆನಪು ನಿಮ್ಮ ಪರೀಕ್ಷೆಯಲ್ಲಿ ಪೂರ್ತಿ ಮರೆವಿಗಿಂತ ದುಬಾರಿಯೂ ಹೌದು, ಏಕೆಂದರೆ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಉದಾಹರಣೆಗೆ, ಪಂಚಾಯತಿಗಳಿಗೆ ಸಂಬಂಧಿಸಿದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು, ಅದರಿಂದ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ನಗರಾಡಳಿತಕ್ಕೆ ಸಂಬಂಧಿಸಿದ 74ನೇ ತಿದ್ದುಪಡಿ ಅದೇ ವರ್ಷ ಜೂನ್ 1ರಂದು ಜಾರಿಗೆ ಬಂದಿತು, ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ಈ ಜೋಡಿಯನ್ನು ಓದಿ ಹತ್ತು ದಿನ ಬಿಟ್ಟವರಿಗೆ ಇಪ್ಪತ್ತೊಂಬತ್ತು, ಹದಿನೆಂಟು ಎರಡೂ ನೆನಪಿರುತ್ತವೆ, ಯಾವುದು ಯಾವುದಕ್ಕೆ ಎಂಬುದು ಮಾತ್ರ ತಿರುಗುಮುರುಗಾಗಿರುತ್ತದೆ. ಧೈರ್ಯವಾಗಿ ತಪ್ಪು ಉತ್ತರ ತುಂಬುವುದು ಇಂಥಲ್ಲಿಯೇ.

ಆದ್ದರಿಂದ ಹೊರಡುವುದಕ್ಕೆ ಮೂರು ದಿನ ಮುಂಚೆಯೇ ಹೊಸ ಓದನ್ನು ನಿಲ್ಲಿಸಿ. ಆ ಮೂರು ದಿನಗಳಲ್ಲಿ, ಹಿಂದಿನ ಹದಿನೈದು ದಿನಗಳ ಟಿಪ್ಪಣಿಗಳಿಂದ ಸುಮಾರು ಅರವತ್ತು ಚೀಟಿಗಳನ್ನು ಮಾಡಿಕೊಳ್ಳಿ. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಅಳತೆ ಸರಿಹೋಗುತ್ತದೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ, ಒಂದು ಚೀಟಿಗೆ ಒಂದೇ ಸಂಗತಿ. ‘73ನೇ ತಿದ್ದುಪಡಿಯ ಬಗ್ಗೆ ಬರೆಯಿರಿ’ ಎಂಬಂಥ ಅಗಲವಾದ ಪ್ರಶ್ನೆಯ ಚೀಟಿ ಕೆಲಸಕ್ಕೆ ಬಾರದು, ‘ಹನ್ನೆರಡನೇ ಅನುಸೂಚಿಯಲ್ಲಿ ಎಷ್ಟು ವಿಷಯಗಳು?’ ಎಂಬುದು ಬರುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಾಠವನ್ನು ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಪಾಠವನ್ನು ನೋಡದೆ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಹಿಂದೆ ಹಾಕಿದರು. ನಿಮಗೆ ಬೇಕಾಗಿರುವುದು ಆ ಒಂದು ವಾರದ ನಂತರದ ನೆನಪು, ಆದುದರಿಂದ ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡ ಮೇಲೆಯೇ ಚೀಟಿ ತಿರುವಬೇಕು. ಚೀಲದಲ್ಲಿ ಈ ಚೀಟಿಗಳ ಕಟ್ಟು ಮತ್ತು ಒಂದು ಹಳೆಯ ಪ್ರಶ್ನೆಪತ್ರಿಕೆ ಸಾಕು. ಪುಸ್ತಕಗಳು ಕೋಣೆಯಲ್ಲಿಯೇ ಇರಲಿ.

ಪ್ರಯಾಣದ ದಿನವನ್ನು ಓದಿನ ದಿನವೆಂದು ಲೆಕ್ಕ ಹಾಕಬೇಡಿ. ಧಾರವಾಡದಿಂದ ಹುಬ್ಬಳ್ಳಿ, ಶಿಗ್ಗಾಂವಿ ದಾಟಿ ಹಾವೇರಿಗೆ ಸುಮಾರು ನೂರು ಕಿಲೋಮೀಟರು, ಹಬ್ಬದ ಗದ್ದಲದಲ್ಲಿ ನಿಂತೇ ಹೋಗಬೇಕಾದೀತು. ಸೀಟು ಸಿಕ್ಕರೂ ಓಡುವ ಬಸ್ಸಿನಲ್ಲಿ ಓದಿದರೆ ಬಹಳ ಜನರಿಗೆ ಹೊಟ್ಟೆ ತೊಳಸುತ್ತದೆ, ಏಕೆಂದರೆ ಕಣ್ಣು ನಿಂತ ಅಕ್ಷರವನ್ನು ನೋಡುತ್ತಿರುವಾಗ ಒಳಗಿವಿ ಅಲುಗಾಟವನ್ನು ತಿಳಿಸುತ್ತಿರುತ್ತದೆ. ಬದಲಾಗಿ ಹದಿನೈದು ನಿಮಿಷದಷ್ಟು ಪ್ರಶ್ನೆಗಳನ್ನು ನಿಮ್ಮದೇ ದನಿಯಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಪ್ರತಿ ಪ್ರಶ್ನೆಯ ಮುಂದೆ ಐದು ಸೆಕೆಂಡು ಸುಮ್ಮನಿದ್ದು ಆಮೇಲೆ ಉತ್ತರ ಹೇಳಿ. ಆ ಬಿಡುವಿಲ್ಲದಿದ್ದರೆ ಅದು ಕೇವಲ ಕೇಳಿಕೆಯಾಗುತ್ತದೆ. ಹುಬ್ಬಳ್ಳಿ–ಗದಗ ರೈಲಿನಲ್ಲಿ ಓಡಾಡುವವರಿಗೆ ಸೀಟು ಸಿಕ್ಕರೆ ಚೀಟಿಗಳನ್ನೇ ನೋಡಬಹುದು.

ಇನ್ನು ಊರಿನ ದಿನಗಳು. ನಿಮ್ಮ ಅರ್ಧ ತಾಸನ್ನು ಗಡಿಯಾರಕ್ಕೆ ಕಟ್ಟದೆ ಹಬ್ಬದ ಕೆಲಸಕ್ಕೆ ಕಟ್ಟುವುದು ಒಳ್ಳೆಯದು, ಏಕೆಂದರೆ ‘ಬೆಳಿಗ್ಗೆ ಆರಕ್ಕೆ’ ಎಂದು ಬರೆದುಕೊಂಡರೆ ನರಕ ಚತುರ್ದಶಿಯ ದಿನ ಆರಕ್ಕೆ ಎಣ್ಣೆಸ್ನಾನವೋ ಆರತಿಯೋ ನಡೆದಿರುತ್ತದೆ. ನೀರು ತುಂಬುವ ಹಬ್ಬದ ಮುಂಚಿನ ಎರಡು ದಿನ ಮನೆಯ ಹೆಣ್ಣುಮಕ್ಕಳಿಗೆ ಬಿಡುವೇ ಇರುವುದಿಲ್ಲ: ಗೋಡೆ ಸಾರಿಸುವುದು, ಪಾತ್ರೆ ತಿಕ್ಕುವುದು, ಚಕ್ಕಲಿ, ಶಂಕರಪಾಳಿ, ಕರ್ಚಿಕಾಯಿ. (ಗಂಡುಮಕ್ಕಳಿಗೆ ಈ ಭಾರ ಇಷ್ಟಿಲ್ಲ. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ.) ಆದರೆ ಕರ್ಚಿಕಾಯಿಯ ಅಂಚು ಒತ್ತುವಾಗ ಕೈ ಮಾತ್ರ ಕೆಲಸದಲ್ಲಿರುತ್ತದೆ. ಚೀಟಿಗಳನ್ನು ತಮ್ಮನ ಕೈಗೆ ಕೊಟ್ಟರೆ ಅವನು ಒಲೆಯ ಮುಂದೆ ಕುಳಿತು, “ಅಕ್ಕಾ, ಹನ್ನೆರಡನೇ ಅನುಸೂಚಿಯೊಳಗ ಎಷ್ಟು ವಿಷಯ ಅದಾವ?” ಎಂದು ಕೇಳುತ್ತಾನೆ. ನೀವು ತಪ್ಪು ಹೇಳಿದರೆ ಅವನಿಗೆ ಸಂತೋಷವೂ ಆಗುತ್ತದೆ. ಪುಸ್ತಕ ಹಿಡಿದು ಮೂಲೆಯಲ್ಲಿ ಕುಳಿತರೆ “ಹಬ್ಬದಾಗೂ ಓದೂದ ಏನವಾ?” ಎನ್ನುವ ಚಿಗವ್ವನೂ ಇದಕ್ಕೆ ಏನೂ ಅನ್ನುವುದಿಲ್ಲ.

ಅಮವಾಸ್ಯೆಯ ದಿನ ಲಕ್ಷ್ಮೀ ಪೂಜೆಯ ತಯಾರಿ ಮಧ್ಯಾಹ್ನದ ಊಟದ ನಂತರ ಶುರುವಾಗುವುದರಿಂದ ಅಂದು ಬೆಳಗಿನ ನಾಷ್ಟಾ ಆದ ಮೇಲೆ ಚೀಟಿ ನೋಡಿ. ಪಾಡ್ಯದ ದಿನ ಮುಂಜಾನೆ ಹಟ್ಟೆವ್ವನ ಪೂಜೆಯಲ್ಲಿ ಕಳೆಯುತ್ತದೆ. ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ದಿನ ಮನೆಯ ಗಂಡಸರೆಲ್ಲ ಅಖಾಡದ ಕಡೆಗೆ ಹೋದಾಗ ಪಡಸಾಲೆ ಖಾಲಿಯಾಗುತ್ತದೆ. ಹೋರಿ ನೋಡುವ ಆಸೆ ನಿಮಗೂ ಇದ್ದರೆ ಖಂಡಿತ ಹೋಗಿ, ಚೀಟಿಗಳನ್ನು ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ನೋಡಿದರಾಯಿತು.

ಕುಬಸದ ದಿನಕ್ಕೂ ಅದರ ಹಿಂದಿನ ದಿನಕ್ಕೂ ಯೋಜನೆಯಲ್ಲಿ ಸೊನ್ನೆ ಎಂದೇ ಬರೆಯಿರಿ. ಅತಿಥಿಯಾಗಿ ಹೋಗುವ ಮದುವೆ ಬೇರೆ, ನಿಮ್ಮ ಮನೆಯದೇ ಕಾರ್ಯ ಬೇರೆ. ಮನೆಯ ಕಾರ್ಯದಲ್ಲಿ ಓದುತ್ತೇನೆಂದು ಬರೆದುಕೊಳ್ಳುವುದು ಕಾಗದವನ್ನು ತುಂಬಿಸುತ್ತದೆ, ಅಷ್ಟೆ. ಆ ಸೊನ್ನೆಯ ಹಿಂದೆ ಒಂದು ದಿನ, ಮುಂದೆ ಒಂದು ದಿನ ಚೀಟಿ ನೋಡಿದ್ದರೆ ನಡುವಿನ ಎರಡು ದಿನದಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಚೀಟಿಗಳನ್ನು ದಿನಕ್ಕೆ ಹದಿನೈದರಂತೆ ನೋಡಿದರೆ ನಾಲ್ಕು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ತಪ್ಪಿದವು ಮರುದಿನದ ಕಟ್ಟಿಗೆ, ಸರಿಯಾದವು ಕೊನೆಗೆ. ಮೊದಲ ಸುತ್ತಿನಲ್ಲಿಯೇ ಹದಿನೈದರಲ್ಲಿ ಎಂಟಕ್ಕಿಂತ ಕಡಿಮೆ ಸರಿಯಾಗುತ್ತಿದ್ದರೆ, ನೀವು ಇನ್ನೂ ಗಟ್ಟಿಯಾಗದ ಪಾಠದಿಂದ ಚೀಟಿ ಮಾಡಿದ್ದೀರಿ ಎಂದರ್ಥ. ಅಂಥ ಚೀಟಿಗಳನ್ನು ಬದಿಗಿಟ್ಟು, ಧಾರವಾಡಕ್ಕೆ ಬಂದ ಮೇಲೆ ಆ ಪಾಠವನ್ನೇ ಮತ್ತೆ ಓದಿ. ಹದಿನಾಲ್ಕು, ಹದಿನೈದೂ ಸರಿಯಾಗುತ್ತಿದ್ದರೆ ಒಂದು ದಿನ ಬಿಟ್ಟು ಒಂದು ದಿನ ನೋಡಿದರೆ ಸಾಕು.

ಮರಳಿ ಬಂದ ಮೇಲೆ ವಾರಗಟ್ಟಲೆ ಓದು ಹತ್ತದಿರುವುದಕ್ಕೆ ಮುಖ್ಯ ಕಾರಣ, ಕಳೆದದ್ದನ್ನೆಲ್ಲ ಒಮ್ಮೆಲೇ ತುಂಬಿಕೊಳ್ಳುವ ಹಟ. ದಿನಕ್ಕೆ ಆರು ತಾಸಿನಂತೆ ಹತ್ತು ದಿನಕ್ಕೆ ಅರವತ್ತು ತಾಸು ಹೋಗಿವೆ. ದಿನಾಲೂ ಎರಡು ತಾಸು ಹೆಚ್ಚಿಗೆ ಕುಳಿತರೂ ಅದನ್ನು ತೀರಿಸಲು ಒಂದು ತಿಂಗಳು ಬೇಕು, ಎಂಟು ತಾಸಿನ ಆ ಓದು ನಾಲ್ಕನೆಯ ದಿನಕ್ಕೆ ಮುರಿದುಬೀಳುತ್ತದೆ. ಈ ಅರವತ್ತು ತಾಸುಗಳನ್ನು ಹೊರಡುವ ಮುಂಚೆಯೇ ಲೆಕ್ಕದಿಂದ ತೆಗೆದುಬಿಡುವುದು ಸರಿಯಾದ ಕ್ರಮ. ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಪರೀಕ್ಷೆಯವರೆಗೆ ಬರುವ ಹಬ್ಬ, ಕಾರ್ಯ, ಪ್ರಯಾಣಗಳಿಗೆ ಗೆರೆ ಹೊಡೆದು, ಉಳಿದ ದಿನಗಳಿಗೆ ಮಾತ್ರ ಪಾಠ ಹಂಚಿ. ಎಲ್ಲ ಪಾಠಗಳೂ ಆ ದಿನಗಳಲ್ಲಿ ಹಿಡಿಸದಿದ್ದರೆ, ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಅಪರೂಪಕ್ಕೆ ಬರುವ ಅಧ್ಯಾಯಗಳನ್ನು ಆಗಲೇ ಬಿಡಿ.

ಬಂದ ಮೊದಲ ದಿನ ಹೊಸದನ್ನು ತೆರೆಯದೆ ಖಾಲಿ ಹಾಳೆಯ ಮೇಲೆ, ಹೋಗುವ ಮುಂಚೆ ಓದಿದ ಪ್ರತಿ ಅಧ್ಯಾಯದ ಹತ್ತು ಅಂಶಗಳನ್ನು ಬರೆಯಿರಿ. ಆರು ಬಂದರೆ ಆ ಅಧ್ಯಾಯವನ್ನು ಮುಂದಿನ ವಾರದ ಪುನರಾವರ್ತನೆಗೆ ಇಡಿ, ಕಡಿಮೆ ಬಂದರೆ ಮರುದಿನವೇ ಓದಿ. ಹತ್ತು ದಿನಗಳ ದಿನಪತ್ರಿಕೆಗಳ ರಾಶಿಗೆ ಒಂದೂವರೆ ತಾಸಿಗಿಂತ ಹೆಚ್ಚು ಕೊಡಬೇಡಿ: ನೇಮಕ, ಪ್ರಶಸ್ತಿ, ಹೊಸ ಯೋಜನೆ, ನ್ಯಾಯಾಲಯದ ತೀರ್ಪು ಇವುಗಳ ತಲೆಬರಹ ನೋಡಿ ಉಳಿದದ್ದನ್ನು ಮಡಚಿಡಿ.

ಈ ಕ್ರಮಕ್ಕೆ ಒಂದು ಮಿತಿ ಇದೆ. ಹಬ್ಬ ಮುಗಿದ ಮೇಲೆ ಪರೀಕ್ಷೆಗೆ ಹದಿನೈದು ದಿನಕ್ಕಿಂತ ಕಡಿಮೆ ಉಳಿಯುವುದಾದರೆ ಹತ್ತು ದಿನ ಊರಲ್ಲಿರುವುದು ಬೇಡ. ಆಗ ಅಮವಾಸ್ಯೆ, ಪಾಡ್ಯದ ಎರಡು ದಿನಕ್ಕೆ ಹೋಗಿ ಬನ್ನಿ, ಕುಬಸಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳಿ. ಅದನ್ನು ಅವ್ವ ಮತ್ತು ಅಕ್ಕನಿಗೆ ಹಬ್ಬದ ಹಿಂದಿನ ದಿನ ಫೋನಿನಲ್ಲಿ ಹೇಳುವ ಬದಲು, ದಿನಾಂಕ ಗೊತ್ತಾದ ಕೂಡಲೇ ಹೇಳಿ.