ಬಹುಮಾನದ ದುಡ್ಡಿಗೊಂದು ಪತ್ರ, ಪ್ರಯಾಣ ಭತ್ಯೆಗೆ, ಅಂದ್ರೆ ಟಿಎಗೆ, ಇನ್ನೊಂದು

ಕ್ರೀಡಾ ಸಂಸ್ಥೆಗಳ ಲೆಕ್ಕಪತ್ರ ನೋಡೋ ಕೆಲಸ ನಂದು, ಹಾಗಾಗಿ ಅಥ್ಲೀಟ್‌ಗಳು ಬರೆದ ಪತ್ರ ಯಾವ ಟೇಬಲ್ ಮೇಲೆ ಕೂತುಬಿಡುತ್ತೆ ಅಂತ ಚೆನ್ನಾಗೇ ಗೊತ್ತು. ಒಬ್ಬ ಉದ್ದಜಿಗಿತದ ಹುಡುಗಿ, ಎರಡನೇ ಸ್ಥಾನ, 8 ತಿಂಗಳಿಂದ ಅಲೀತಿದ್ಲು. ಅವಳ ಪತ್ರದಲ್ಲಿ ಇದ್ದಿದ್ದು ಇಷ್ಟೇ: "ಸರ್, ನನ್ನ ಪ್ರೈಸ್ ಮನಿ ಮತ್ತೆ ಟಿಎ ಇನ್ನೂ ಬಂದಿಲ್ಲ, ದಯವಿಟ್ಟು ಕೊಡಿಸಿ." ಎಷ್ಟು, ಯಾವ ಕೂಟ, ಯಾವ ತಾರೀಖು, ಒಂದೂ ಇಲ್ಲ. ಗುಮಾಸ್ತರು ಟಿಕೆಟ್ ಲಗತ್ತಿಸಿಲ್ಲ ಅಂತ ಪತ್ರಾನೇ ಪಕ್ಕಕ್ಕಿಟ್ಟಿದ್ರು. ಬಹುಮಾನಕ್ಕೆ ಟಿಕೆಟ್ ಯಾಕ್ರೀ ಬೇಕು?

ಎರಡೂ ಬೇರೆ ಬೇರೆ ಬಾಬ್ತು. ಬಹುಮಾನದ ಮೊತ್ತ ಕೂಟಕ್ಕೆ ಮುಂಚೆ ಹೊರಡಿಸಿದ ಸುತ್ತೋಲೆಯಲ್ಲೇ ಇರುತ್ತೆ, ನೀವು ಗೆದ್ದಿದ್ದು ಸಹಿಯಾದ ಫಲಿತಾಂಶ ಪಟ್ಟಿಯಲ್ಲಿರುತ್ತೆ, ಇವೆರಡರ ನಕಲು ಮತ್ತೆ ಬ್ಯಾಂಕ್ ವಿವರ ಹಾಕಿದ್ರೆ ಮುಗೀತು. ಪ್ರಾಯೋಜಕರು ಇನ್ನೂ ದುಡ್ಡು ಕೊಟ್ಟಿಲ್ಲ ಅಂತ ಸಂಸ್ಥೆಯವರು ಹೇಳ್ತಾರೆ, ಆದ್ರೆ ಸುತ್ತೋಲೆಯಲ್ಲಿ ಅಂಥ ಷರತ್ತು ಇಲ್ದಿದ್ರೆ ಅದು ಅವರವರ ವ್ಯವಹಾರ, ನಿಮ್ದಲ್ಲ. ಡೋಪ್ ಟೆಸ್ಟ್ ವರದಿ ಬರೋವರೆಗೂ ತಡೆಹಿಡಿಯೋದು ಮಾತ್ರ ಎಷ್ಟೋ ಕಡೆ ನಿಯಮದಲ್ಲೇ ಇರುತ್ತೆ, ಅದಕ್ಕೆ ವರದಿ ಬಂತಾ ಅಂತ ಪತ್ರದಲ್ಲೇ ಒಂದು ಸಾಲು ಕೇಳಿಬಿಡಿ. ತೆರಿಗೆ ಕಡಿತ ಆಗಿ ಕಡಿಮೆ ಬಂದ್ರೆ ಅದರ ಪ್ರಮಾಣಪತ್ರಾನೂ ಕೇಳಿ.

ಟಿಎ ಹಾಗಲ್ಲ, ಅದು ಖರ್ಚು ಮಾಡಿದ್ದನ್ನ ವಾಪಸ್ ಕೊಡೋದು. ಯಾವ ದರ್ಜೆಗೆ ಅರ್ಹತೆ ಇದೆಯೋ ಅಷ್ಟೇ ಸಿಗೋದು. ನಮ್ಮ ಹುಡುಗಿಗೆ ಅರ್ಹತೆ ಇದ್ದಿದ್ದು ರೈಲಿಗೆ, ಟಿಕೆಟ್ ಸಿಗದೆ ಬಸ್‌ನಲ್ಲಿ ಹೋಗಿದ್ಲು, ಬಸ್ ದರಾನೇ ಜಾಸ್ತಿ, ಸಂಸ್ಥೆಯವರು ರೈಲಿನ ದರಕ್ಕೆ ಇಳಿಸಿದ್ರು, ಅದು ನಿಯಮದ ಪ್ರಕಾರ ಸರೀನೇ. ವಾಪಸ್ ಬರೋ ಟಿಕೆಟ್ ಕಳೆದುಹೋಗಿತ್ತು, ಬುಕಿಂಗ್ ಮೆಸೇಜ್ ಮತ್ತೆ ಅದೇ ದಿನದ ಬ್ಯಾಂಕ್ ಎಂಟ್ರಿ ಕೊಟ್ಟಿದ್ದಕ್ಕೆ ಒಪ್ಪಿದ್ರು.

ನಾನು ಅವಳಿಗೆ ಎರಡು ಪತ್ರ ಬೇರೆಬೇರೆಯಾಗಿ ಬರೆಸಿದೆ, ಎರಡಕ್ಕೂ ಕಚೇರಿಯಲ್ಲಿ ಇನ್ವರ್ಡ್ ನಂಬರ್ ಹಾಕಿಸಿ ನಕಲಿನ ಮೇಲೆ ಸೀಲ್ ತಗೊಂಡ್ಲು. ಬಹುಮಾನದ ಪತ್ರದ ಮುಖ್ಯ ಸಾಲು ಹೀಗಿತ್ತು: "ಸುತ್ತೋಲೆಯ ಪ್ರಕಾರ ದ್ವಿತೀಯ ಸ್ಥಾನಕ್ಕೆ ಘೋಷಿಸಿದ ಮೊತ್ತ ನನಗೆ ಸಂದಿಲ್ಲ. 15 ದಿನದೊಳಗೆ ಪಾವತಿಸಿ, ಇಲ್ಲವೇ ತಡೆಹಿಡಿದ ಕಾರಣವನ್ನು ಲಿಖಿತವಾಗಿ ತಿಳಿಸಿ." ಕಾರಣ ಬರವಣಿಗೆಯಲ್ಲಿ ಕೊಡಿ ಅಂದ್ರೆ ಬಾಯಲ್ಲಿ ಹೇಳೋ ಎಷ್ಟೋ ನೆಪಗಳು ನಿಂತುಹೋಗ್ತವೆ, ಇದು ನಾನು ಕಂಡಿದ್ದು.

ಮೊದಲು ಟಿಎ ಬಂತು. ಕ್ಯಾಶಿಯರ್ ಸಹಿಗೆ ಕೊಟ್ಟ ವೋಚರ್‌ನಲ್ಲಿ "ಕೂಟದ ಬಾಬ್ತು ಎಲ್ಲ ಹಣ ಸಂದಿದೆ" ಅಂತ ಅಚ್ಚಾಗಿತ್ತು, ಹಾಗೇ ಸಹಿ ಹಾಕಿದ್ರೆ ಬಹುಮಾನ ಕೇಳೋಕೆ ಹೋದಾಗ ಅದನ್ನೇ ಮುಖಕ್ಕೆ ಹಿಡೀತಿದ್ರು. ಅವಳು "ಎಲ್ಲ" ಅನ್ನೋದನ್ನ ಹೊಡೆದುಹಾಕಿ, "ಪ್ರಯಾಣ ಭತ್ಯೆ ಮಾತ್ರ, ಬಹುಮಾನ ಬಾಕಿ" ಅಂತ ಕೈಯಲ್ಲಿ ಬರೆದು, ಸಹಿ ಹಾಕಿ, ಫೋಟೋ ತೆಗೆದುಕೊಂಡ್ಲು. ಕ್ಯಾಶಿಯರ್ ಮುಖ ಸಿಂಡರಿಸಿದ್ರಂತೆ. ಬಹುಮಾನ ಮುಂದಿನ ತಿಂಗಳು ಖಾತೆಗೆ ಬಿತ್ತು.